ಬಸ್ಸು ಹೊರಡುವುದು ಯಾವ ರಾತ್ರಿ?

ಕರಾವಳಿಯ ಶಾಲೆಯೊಂದು ಎಂಟನೇ ತರಗತಿಯ ಮಕ್ಕಳನ್ನು ಚಿತ್ರದುರ್ಗಕ್ಕೆ ಕರೆದೊಯ್ಯುತ್ತದೆ ಎಂದಿಟ್ಟುಕೊಳ್ಳಿ. ಸುತ್ತೋಲೆಯ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: 'ಈ ಮೂಲಕ ಪೋಷಕರ ಗಮನಕ್ಕೆ ತರಬಯಸುವುದೇನೆಂದರೆ, ಪ್ರವಾಸವು ಮಕ್ಕಳ ಸರ್ವಾಂಗೀಣ ಬೆಳವಣಿಗೆಗೆ ಪೂರಕವಾಗಿದ್ದು...' ಆಮೇಲೆ ಏಳು ಸುತ್ತಿನ ಕೋಟೆ, ಒನಕೆ ಓಬವ್ವನ ಸಾಹಸ. ಕೊನೆಯಲ್ಲಿ, 'ದಿನಾಂಕ 12ರ ರಾತ್ರಿ 1 ಗಂಟೆಗೆ ಬಸ್ಸು ಹೊರಡಲಿದ್ದು, ಬರುವ ಶುಕ್ರವಾರದೊಳಗೆ ಒಪ್ಪಿಗೆ ಪತ್ರ ಹಾಗೂ ಶುಲ್ಕವನ್ನು ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಶಾಲೆಯು ಜವಾಬ್ದಾರಿಯಲ್ಲ.'

ಓಬವ್ವನನ್ನು ಬಿಡುವುದು ಸುಲಭ. ಆಕೆಯ ಕಥೆಯನ್ನು ಮೇಷ್ಟ್ರು ಬಸ್ಸಿನಲ್ಲಿ ಇನ್ನೂ ಚೆನ್ನಾಗಿ ಹೇಳುತ್ತಾರೆ. ತೊಡಕಿರುವುದು '12ರ ರಾತ್ರಿ 1 ಗಂಟೆ'ಯಲ್ಲಿ. ಗಡಿಯಾರದ ಲೆಕ್ಕದಲ್ಲಿ ಅದು 11ನೇ ತಾರೀಕು ಮುಗಿದ ಮೇಲಿನ ಒಂದು ಗಂಟೆ. ಮನೆಯ ಲೆಕ್ಕದಲ್ಲಿ, 12ರಂದು ಊಟ ಮುಗಿಸಿ ಮಲಗುವ ಹೊತ್ತಿನ ನಂತರದ್ದು. ಎರಡಕ್ಕೂ ಇಡೀ ಒಂದು ದಿನದ ಅಂತರ. ಮನೆಯ ಲೆಕ್ಕ ಹಿಡಿದವರ ಮಗು ಶಾಲೆಯ ಗೇಟಿಗೆ ಬರುವಷ್ಟರಲ್ಲಿ ಬಸ್ಸು ಹೋಗಿ ಬಂದೂ ಆಗಿರುತ್ತದೆ. ತಿದ್ದುವವರು ಇಲ್ಲಿ ಊಹಿಸಬಾರದು, ಮುಖ್ಯೋಪಾಧ್ಯಾಯರನ್ನೇ ಕೇಳಬೇಕು. 'ಬರುವ ಶುಕ್ರವಾರ'ವೂ ಹಾಗೆಯೇ: ಚೀಟಿ ಮಗುವಿನ ಚೀಲದಲ್ಲಿ ನಾಲ್ಕು ದಿನ ಉಳಿದರೆ ವಾರವೇ ಬದಲಾಗುತ್ತದೆ. ಇನ್ನು 'ಸಲ್ಲಿಸತಕ್ಕದ್ದು' ಎಂದರೆ ಯಾರಿಗೆ, ಎಷ್ಟು ಹಣ?

ಕೇಳಿ ತಿಳಿದ ಮೇಲೆ ಸುತ್ತೋಲೆ ಇಷ್ಟಾಗುತ್ತದೆ:

'ಪೋಷಕರೇ, 8ನೇ ತರಗತಿಯ ಚಿತ್ರದುರ್ಗ ಪ್ರವಾಸಕ್ಕೆ ಮಗುವನ್ನು ಕಳುಹಿಸುವುದಾದರೆ, 2025ರ ಡಿಸೆಂಬರ್ 5, ಶುಕ್ರವಾರ ಸಂಜೆ 4 ಗಂಟೆಯೊಳಗೆ ಸಹಿ ಮಾಡಿದ ಒಪ್ಪಿಗೆ ಚೀಟಿ ಮತ್ತು 900 ರೂಪಾಯಿಯನ್ನು ತರಗತಿ ಶಿಕ್ಷಕರಿಗೆ ಕೊಡಿ.
ಡಿಸೆಂಬರ್ 11, ಗುರುವಾರ ನಡುರಾತ್ರಿ ಕಳೆದು 1 ಗಂಟೆಗೆ (ಅಂದರೆ ಶುಕ್ರವಾರ ಬೆಳಗಿನ ಜಾವ) ಬಸ್ಸು ಹೊರಡುತ್ತದೆ. ಗುರುವಾರ ರಾತ್ರಿ 12.30ಕ್ಕೆ ಮಗುವನ್ನು ಶಾಲೆಗೆ ಕರೆತನ್ನಿ.
ಶುಕ್ರವಾರ ರಾತ್ರಿ ಸುಮಾರು 11ಕ್ಕೆ ಬಸ್ಸು ಮರಳುತ್ತದೆ. ಶಾಲೆಯಿಂದಲೇ ಮಗುವನ್ನು ಕರೆದೊಯ್ಯಿರಿ.
ಮಗು ದಿನವೂ ಔಷಧಿ ತೆಗೆದುಕೊಳ್ಳುತ್ತಿದ್ದರೆ ಚೀಟಿಯ ಹಿಂದೆ ಬರೆಯಿರಿ.'

ಪೋಷಕರು ಮೊದಲು ಮಾಡಬೇಕಾದ ಕೆಲಸವೇ ಮೊದಲು ಬಂತು. ತಾರೀಕಿನ ಜೊತೆ ವಾರವನ್ನೂ ಬರೆದರೆ ಇನ್ನೊಂದು ಲಾಭವುಂಟು. ಬೆರಳಚ್ಚಿನಲ್ಲಿ 11 ತಪ್ಪಿ 12 ಆದರೆ, ಅದು ಗುರುವಾರಕ್ಕೆ ಹೊಂದದೆ ತಪ್ಪು ಸಿಕ್ಕಿಬೀಳುತ್ತದೆ. ಆದರೆ 05-12 ಎಂದು ಅಂಕಿಯಲ್ಲೇ ಬರೆಯುವುದು ಬೇಡ, ತಿಂಗಳ ಹೆಸರು ಇರಲಿ.

'ಜವಾಬ್ದಾರಿಯಲ್ಲ' ಎಂಬ ಗದರಿಕೆ ಹೋಯಿತು, 'ದಯವಿಟ್ಟು' ಹಾಕಬೇಕೆನಿಸಲಿಲ್ಲ. 'ಕೊಡಿ', 'ಕರೆತನ್ನಿ' ಎಂಬಲ್ಲಿ ಬೇಕಾದಷ್ಟು ಮರ್ಯಾದೆ ಇದೆ.

ಅಚ್ಚಿಗೆ ಕೊಡುವ ಮೊದಲು, ಕರಡನ್ನು ನೋಡಿರದ ಒಬ್ಬರ ಕೈಗೆ ಹಾಳೆ ಕೊಟ್ಟು, 'ಯಾವತ್ತು, ಏನು ಮಾಡ್ತೀರಿ?' ಎಂದು ಕೇಳಬೇಕು. ಶಾಲೆಯ ಆಯಾ ಆದರೂ ಸರಿ. ಅವರು ತಡವರಿಸಿದ ಸಾಲನ್ನು ಮತ್ತೆ ಬರೆಯಬೇಕು. ಈ ಸುತ್ತೋಲೆಯನ್ನು ಓದಿದವರು ತಕ್ಷಣ ಕೇಳುವ ಪ್ರಶ್ನೆಯೊಂದಿದೆ: ಪ್ರವಾಸಕ್ಕೆ ಹೋಗದ ಮಕ್ಕಳಿಗೆ ಶುಕ್ರವಾರ ತರಗತಿ ಇದೆಯೋ, ಇಲ್ಲವೋ? ಅದಕ್ಕೊಂದು ಸಾಲು ಸೇರಿಸಲೇಬೇಕು.