ಕೂತಾಗ 92, ನಡೆದಾಗ 83

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ 58 ವರ್ಷದ ಒಬ್ಬ ಮಹಿಳೆ ಎಂದಿಟ್ಟುಕೊಳ್ಳೋಣ. ತೂಕ 55 ಕೆ.ಜಿ. ಬಾಲ್ಕನಿಯಲ್ಲಿ ವರ್ಷಗಳಿಂದ ಪಾರಿವಾಳಗಳ ಸಂಸಾರ. ಅವರಿಗೆ ಬಿಡದ ಒಣಕೆಮ್ಮು, ಒಂದು ಮಹಡಿ ಹತ್ತಿದರೆ ಏದುಸಿರು. ಕೂತಾಗ ಆಕ್ಸಿಮೀಟರ್ 92 ತೋರಿಸುತ್ತದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿದರೆ ಅದೇ 83ಕ್ಕೆ ಇಳಿಯುತ್ತದೆ. ಪಾರಿವಾಳದ ಹಿಕ್ಕೆ ಮತ್ತು ಗರಿಯ ಧೂಳಿಗೆ ಕೆಲವರ ಶ್ವಾಸಕೋಶ ಅಲರ್ಜಿಯಂತೆ ಕೆರಳುತ್ತದೆ. ಅದು ಹಾಗೇ ಮುಂದುವರಿದರೆ ಗಾಳಿಗೂ ರಕ್ತಕ್ಕೂ ನಡುವಿನ ತೆಳುಪೊರೆ ಊದಿಕೊಂಡು, ಕೊನೆಗೆ ನಾರುಗಟ್ಟಿ ದಪ್ಪವಾಗುತ್ತದೆ.

ಈಕೆಗೆ ಆಮ್ಲಜನಕ ಕಡಿಮೆಯಾಗಿರುವುದು ಗಾಳಿ ಒಳಗೆ ಸಾಲದ್ದರಿಂದಲೋ, ಒಳಗೆ ಬಂದದ್ದು ರಕ್ತಕ್ಕೆ ದಾಟದ್ದರಿಂದಲೋ? ಇದನ್ನು ಬೇರ್ಪಡಿಸಲು ಒಂದು ಲೆಕ್ಕವಿದೆ. ವ್ಯಾಲೆಸ್ ಫೆನ್, ಹರ್ಮನ್ ರಾನ್, ಆರ್ಥರ್ ಓಟಿಸ್ ಎಂಬ ಅಮೆರಿಕದ ಶರೀರಕ್ರಿಯಾ ವಿಜ್ಞಾನಿಗಳು ಎತ್ತರದ ಹಾರಾಟದಲ್ಲಿ ಉಸಿರಾಟ ಏನಾಗುತ್ತದೆಂದು ಅಧ್ಯಯನ ಮಾಡುತ್ತಾ ಅದನ್ನು 1946ರಲ್ಲಿ ಪ್ರಕಟಿಸಿದರು. ಇಂದು ಐಸಿಯುಗಳಲ್ಲಿ ಬಳಸುವ ಅದರ ಸರಳ ರೂಪ ಹೀಗಿದೆ:

PAO2 = FiO2 × (PB − 47) − PaCO2 / 0.8

ಹೊರಗಿನ ವಾಯುಭಾರದಿಂದ 47 ಕಳೆಯುತ್ತೇವೆ, ಏಕೆಂದರೆ ಮೂಗು–ಗಂಟಲಲ್ಲಿ ತೇವಗೊಂಡ ಗಾಳಿಯಲ್ಲಿ ನೀರಾವಿ ಅಷ್ಟು ಜಾಗ ಹಿಡಿಯುತ್ತದೆ. ಉಳಿದದ್ದರಲ್ಲಿ ಶೇಕಡಾ 21 ಆಮ್ಲಜನಕ. ಅದರಲ್ಲಿ ರಕ್ತ ಎಷ್ಟನ್ನು ಹೀರಿಕೊಂಡಿದೆ ಎಂಬುದಕ್ಕೆ ರಕ್ತದಿಂದ ಹೊರಬಂದ ಇಂಗಾಲದ ಡೈಆಕ್ಸೈಡೇ ಸಾಕ್ಷಿ. ಅದನ್ನು 0.8ರಿಂದ ಭಾಗಿಸಿ ಕಳೆದರೆ, ಶ್ವಾಸಕೋಶದ ತುದಿಯ ಗಾಳಿಗೂಡುಗಳಲ್ಲಿ ಆಮ್ಲಜನಕದ ಒತ್ತಡ ಎಷ್ಟಿರಬೇಕು ಎಂದು ತಿಳಿಯುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ವಾಯುಭಾರ ಸುಮಾರು 685 ಮಿ.ಮೀ. ಪಾದರಸ. 638ರ ಶೇಕಡಾ 21 ಎಂದರೆ 134. ನಮ್ಮ ರೋಗಿಯ ಧಮನಿಯ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ 36, 0.8ರಿಂದ ಭಾಗಿಸಿದರೆ 45. ಹಾಗಾಗಿ ಗಾಳಿಗೂಡಿನಲ್ಲಿ 89 ಇರಬೇಕು. ರಕ್ತದಲ್ಲಿ ಸಿಕ್ಕಿದ್ದು 62. ಅಂತರ 27. ಈ ವಯಸ್ಸಿಗೆ 18–19ರವರೆಗೆ ಸಹಜವೆಂದು ಒಂದು ರೂಢಿಯ ಅಂದಾಜಿದೆ. ಅಂದರೆ ಗಾಳಿ ಗೂಡಿನವರೆಗೆ ಬಂದಿದೆ, ತೊಡಕು ಇರುವುದು ಅಲ್ಲಿಂದ ಮುಂದೆ.

ಇಲ್ಲೊಂದು ಎಚ್ಚರ ಬೇಕು. ಇದೇ ಲೆಕ್ಕವನ್ನು ಪಠ್ಯಪುಸ್ತಕದ 760 ಇಟ್ಟುಕೊಂಡು ಮಾಡಿದರೆ ಗಾಳಿಗೂಡಿನ ಅಂಕಿ 105 ಆಗಿ, ಅಂತರ 43ಕ್ಕೆ ಹಿಗ್ಗುತ್ತದೆ. ಆ ಸಂಖ್ಯೆ ಮಂಗಳೂರಿಗೆ ಸರಿ, ಬೆಂಗಳೂರಿಗಲ್ಲ. ಎತ್ತರದ ಊರಿನಲ್ಲಿ ಆರೋಗ್ಯವಂತರ ಮೇಲೂ ಇಲ್ಲದ ಕಾಯಿಲೆ ಹೊರಿಸಲು ಈ ಒಂದು ತಪ್ಪು ಸಾಕು.

ಇನ್ನು ಆಕೆಯ ಏದುಸಿರಿನ ಮಾತು. ಎಳೆದುಕೊಂಡ ಉಸಿರೆಲ್ಲ ಗೂಡು ಸೇರುವುದಿಲ್ಲ. ಮೂಗಿನಿಂದ ಕವಲುನಾಳಗಳವರೆಗಿನ ದಾರಿಯಲ್ಲೇ ಒಂದಷ್ಟು ಗಾಳಿ ಉಳಿದು, ಏನೂ ಕೊಡದೆ ಮರಳುತ್ತದೆ. ಇದು ದೇಹರಚನೆಯಿಂದಲೇ ಬಂದ ಡೆಡ್ ಸ್ಪೇಸ್. ಪ್ರತಿ ಕಿಲೋ ತೂಕಕ್ಕೆ ಸುಮಾರು 2.2 ಮಿ.ಲೀ. ಲೆಕ್ಕದಲ್ಲಿ ಈಕೆಗೆ 120 ಮಿ.ಲೀ. ಇದಲ್ಲದೆ, ಗಾಳಿ ತಲುಪಿಯೂ ರಕ್ತ ಹರಿಯದ ಗೂಡುಗಳಿದ್ದರೆ ಆ ಗಾಳಿಯೂ ವ್ಯರ್ಥ. ಎರಡೂ ಸೇರಿದರೆ ಅದೇ ಶಾರೀರಿಕ ಡೆಡ್ ಸ್ಪೇಸ್. ಆರೋಗ್ಯವಂತರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಅಳತೆ.

ಅಳೆಯುವ ದಾರಿ ತೋರಿಸಿದವರು ಕೋಪನ್‌ಹೇಗನ್ನಿನ ಕ್ರಿಶ್ಚಿಯನ್ ಬೋರ್, ಭೌತವಿಜ್ಞಾನಿ ನೀಲ್ಸ್ ಬೋರ್ ಅವರ ತಂದೆ. ವ್ಯರ್ಥ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದಿಲ್ಲ, ಆದ್ದರಿಂದ ಅದು ಬೆರೆತಷ್ಟೂ ಹೊರಬಿಟ್ಟ ಉಸಿರು ತೆಳುವಾಗುತ್ತದೆ. ನಮ್ಮ ರೋಗಿಯ ರಕ್ತದಲ್ಲಿ ಅದು 36 ಇದ್ದರೆ, ಚೀಲದಲ್ಲಿ ಸಂಗ್ರಹಿಸಿದ ಉಸಿರಿನಲ್ಲಿ ಸರಾಸರಿ 20. ವ್ಯತ್ಯಾಸ 16ನ್ನು 36ರಿಂದ ಭಾಗಿಸಿದರೆ 0.44. ಆಕೆಯ ಉಸಿರು 400 ಮಿ.ಲೀ.; ಅದರಲ್ಲಿ 180ರಷ್ಟು ದಂಡ. ರಚನೆಯ 120 ಕಳೆದರೆ ಉಳಿದ 60 ರೋಗದ ಕೊಡುಗೆ, ಅಂದರೆ ನಾರುಗಟ್ಟುವಾಗ ಹಾಳಾದ ಸೂಕ್ಷ್ಮ ರಕ್ತನಾಳಗಳ ಗುರುತು. ಬಿಗಿದ ಶ್ವಾಸಕೋಶ ಆಳವಾಗಿ ಹಿಗ್ಗಲಾರದು, ಆದ್ದರಿಂದ ಆಕೆ ನಿಮಿಷಕ್ಕೆ 22 ಸಲ ಉಸಿರಾಡುತ್ತಾರೆ. ಹೀಗೆ ಸಣ್ಣ ಸಣ್ಣ ಉಸಿರು ಎಳೆದಷ್ಟೂ ಪ್ರತಿ ಉಸಿರಿನಲ್ಲಿ ವ್ಯರ್ಥದ ಪಾಲೇ ದೊಡ್ಡದು.

ನಡೆದಾಗ 83 ಆಗುವುದು ಮಾತ್ರ ಬೇರೆ ಕತೆ. ಆರೋಗ್ಯವಂತ ಪೊರೆಯ ದಪ್ಪ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ವಿಶ್ರಾಂತಿಯಲ್ಲಿ ಒಂದು ಕೆಂಪು ರಕ್ತಕಣ ಗಾಳಿಗೂಡಿನ ಪಕ್ಕದಲ್ಲಿ ಇರುವುದು ಸುಮಾರು ಮುಕ್ಕಾಲು ಸೆಕೆಂಡ್, ಆದರೆ ಕಾಲು ಸೆಕೆಂಡಿನಲ್ಲೇ ಅದು ಆಮ್ಲಜನಕ ತುಂಬಿಕೊಂಡು ಮುಗಿಸಿರುತ್ತದೆ. ಪ್ರಯಾಣಿಕರೆಲ್ಲ ಹತ್ತಿದ ಮೇಲೂ ನಿಲ್ದಾಣದಲ್ಲಿ ನಿಂತೇ ಇರುವ ಬಸ್ಸಿನ ಹಾಗೆ. ಪೊರೆ ದಪ್ಪವಾದರೆ ತುಂಬಲು ಅರ್ಧ ಸೆಕೆಂಡೋ ಇನ್ನೂ ಹೆಚ್ಚೋ ಬೇಕು. ಕೂತಿದ್ದಾಗ ಹೇಗೋ ಸಾಲುತ್ತದೆ. ನಡೆಯತೊಡಗಿದರೆ ರಕ್ತ ಓಡುತ್ತದೆ, ಸಮಯ ಕುಗ್ಗುತ್ತದೆ, ಕಣಗಳು ಅರೆಬರೆ ತುಂಬಿಕೊಂಡು ಹೊರಡುತ್ತವೆ. ಹಾಗೆಂದು ಕೂತಾಗಿನ 27ರ ಅಂತರವನ್ನೂ ಪೂರ್ತಿ ಪೊರೆಯ ತಲೆಗೆ ಕಟ್ಟುವುದು ಸರಿಯಲ್ಲ. ವಿಶ್ರಾಂತಿಯಲ್ಲಿ ಅದರ ದೊಡ್ಡ ಪಾಲು ಗಾಳಿ ಒಂದು ಕಡೆ, ರಕ್ತ ಇನ್ನೊಂದು ಕಡೆ ಹೆಚ್ಚಾಗಿ ಹರಿಯುವ ಹೊಂದಾಣಿಕೆ ದೋಷದ್ದು. ಇಂಗಾಲದ ಡೈಆಕ್ಸೈಡ್ ಆಮ್ಲಜನಕಕ್ಕಿಂತ ಸುಮಾರು 20 ಪಟ್ಟು ಸರಾಗವಾಗಿ ದಾಟುವುದರಿಂದ ಅದು ಏರುವುದಿಲ್ಲ. ಆಕೆಯ 36ಕ್ಕೆ ಇದೂ ಒಂದು ಕಾರಣ.

ಪೊರೆಯ ಸಾಮರ್ಥ್ಯ ಅಳೆಯುವ ಪರೀಕ್ಷೆ ಹುಟ್ಟಿದ್ದು ಒಂದು ತಕರಾರಿನಿಂದ. ಶ್ವಾಸಕೋಶವೇ ಆಮ್ಲಜನಕವನ್ನು ರಕ್ತಕ್ಕೆ ಸ್ರವಿಸುತ್ತದೆ ಎಂದು ಬೋರ್ ನಂಬಿದ್ದರು. ಅವರ ಸಹಾಯಕರಾಗಿದ್ದ ಆಗಸ್ಟ್ ಕ್ರೋಗ್ ಮತ್ತು ಪತ್ನಿ, ವೈದ್ಯೆ ಮರೀ ಕ್ರೋಗ್, ತಾನಾಗಿ ಹರಡುವುದಷ್ಟೇ ಸಾಕು ಎಂದು 1910ರಲ್ಲಿ ತೋರಿಸಿದರು. ಗುರುವಿಗೆ ಎದುರಾಡಿದ ಆ ಕೆಲಸವನ್ನು ಮರೀ 1915ರಲ್ಲಿ ಅಳತೆಯ ವಿಧಾನವಾಗಿಸಿದರು. ಅದರ ಬೆಳೆದ ರೂಪವೇ ಇಂದಿನ ಡಿಎಲ್‌ಸಿಒ ಪರೀಕ್ಷೆ. ಶೇಕಡಾ 0.3ರಷ್ಟು ಕಾರ್ಬನ್ ಮೊನಾಕ್ಸೈಡ್ ಬೆರೆತ ಗಾಳಿಯನ್ನು ಪೂರ್ತಿ ಎಳೆದು, 10 ಸೆಕೆಂಡ್ ಹಿಡಿದು ಬಿಡಬೇಕು. ಹಿಮೋಗ್ಲೋಬಿನ್ ಈ ಅನಿಲವನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಹಿಡಿಯುವುದರಿಂದ, ಎಷ್ಟು ಒಳಹೋಯಿತು ಎಂಬುದು ಬಹುಪಾಲು ಪೊರೆ ಮತ್ತು ಅದರ ಹಿಂದಿನ ರಕ್ತದ ಮೇಲೆ ನಿಲ್ಲುತ್ತದೆ.

ಈಕೆಗೆ 20ರ ಸುತ್ತಮುತ್ತ ಬರಬೇಕಿದ್ದದ್ದು 9 ಬಂದಿದೆ. ಆದರೆ ಹಿಡಿಯುವ ಹಿಮೋಗ್ಲೋಬಿನ್ನೇ ಕಡಿಮೆಯಿದ್ದರೆ ಅಂಕಿ ಸುಳ್ಳಾಗಿ ಇಳಿಯುತ್ತದೆ. ಆಕೆಯ ಹಿಮೋಗ್ಲೋಬಿನ್ 9 ಗ್ರಾಂ ಇದ್ದು ಅದಕ್ಕೆ ತಕ್ಕಂತೆ ತಿದ್ದಿದರೆ ಈ 9 ಸುಮಾರು 11 ಆಗುತ್ತದೆ. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಇಷ್ಟು ಸಾಮಾನ್ಯವಾಗಿರುವಾಗ ಹಿಮೋಗ್ಲೋಬಿನ್ ನೋಡದೆ ಈ ವರದಿ ಓದಲೇಬಾರದು. ತಿದ್ದಿದ ಮೇಲೂ 11 ಕಡಿಮೆಯೇ.

ಪಾರಿವಾಳದ ಸಂಪರ್ಕ ಕಡಿದು ಚಿಕಿತ್ಸೆ ಶುರುಮಾಡುವುದರ ಜೊತೆಗೆ, ನಡೆಯುವಾಗ ಆಮ್ಲಜನಕ ಕೊಡಬಹುದು. ಮೂಗಿನ ಕೊಳವೆಯಲ್ಲಿ 2 ಲೀಟರ್ ಕೊಟ್ಟರೆ ಒಳಗೆಳೆಯುವ ಗಾಳಿಯಲ್ಲಿ ಅದು ಸುಮಾರು ಶೇಕಡಾ 28. ಅದೇ ಸಮೀಕರಣದಲ್ಲಿ ಗೂಡಿನ ಒತ್ತಡ 89ರಿಂದ 134ಕ್ಕೆ ಏರುತ್ತದೆ. ದಪ್ಪ ಪೊರೆಯ ಆಚೆಗೂ ತಳ್ಳುವ ಬಲ ಅಷ್ಟು ಹೆಚ್ಚಿತು. ಎಷ್ಟು ಲೀಟರ್ ಬೇಕೆಂಬುದನ್ನು ಕೂರಿಸಿ ಅಲ್ಲ, ನಡೆಸಿಯೇ ನಿರ್ಧರಿಸಬೇಕು. ಆಕ್ಸಿಮೀಟರ್ 92 ತೋರಿಸುತ್ತಿದ್ದರೂ "ಇನ್ನೂ ದಮ್ಮು ಕಟ್ಟುತ್ತಿದೆ" ಎಂದು ಆಕೆ ಹೇಳಿದರೆ ಮನೆಯವರು ನಂಬಬೇಕು. ಬಿಗಿದ ಶ್ವಾಸಕೋಶ, ಪ್ರತಿ ಉಸಿರಿನಲ್ಲೂ ದಂಡವಾಗುವ 180 ಮಿ.ಲೀ. ಎರಡನ್ನೂ ಆ ಕೊಳವೆಯ ಆಮ್ಲಜನಕ ಸರಿಪಡಿಸುವುದಿಲ್ಲ.