ಹೊಸ ಮ್ಯಾನೇಜರ್ ಬರೆಯುವ ಮೊದಲ ಪತ್ರ

ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ಗೊತ್ತಿಲ್ಲದ ನಂಬರಿನಿಂದ ಒಂದು ಸಂದೇಶ ಬರುತ್ತದೆ. "ಎಲ್ಲರಿಗೂ ನಮಸ್ಕಾರ. ಇಂದಿನಿಂದ ನಾನು ನಿಮ್ಮ ಹೊಸ ಎಸ್ಟೇಟ್ ಮ್ಯಾನೇಜರ್. ನಿಮ್ಮ ಸಹಕಾರ ಕೋರುತ್ತೇನೆ." ಅದರ ಕೆಳಗೆ ನಾಲ್ಕೈದು ಜನ ಕೈಮುಗಿದ ಚಿತ್ರ ಹಾಕುತ್ತಾರೆ. ಆರನೆಯವರು ಕೇಳುತ್ತಾರೆ: "ಸರ್, ಬಿ ಬ್ಲಾಕಿನ ಲಿಫ್ಟ್ ಯಾವಾಗ ರಿಪೇರಿ?" ಏಳನೆಯವರು: "ಹಳೇ ಮ್ಯಾನೇಜರ್ ಕೈಗೆ ಪಾರ್ಟಿ ಹಾಲ್ ಅಡ್ವಾನ್ಸ್ ಕೊಟ್ಟಿದ್ದೆ, ಯಾರು ವಾಪಸ್ ಕೊಡ್ತಾರೆ?" ಮಧ್ಯಾಹ್ನದ ಹೊತ್ತಿಗೆ ಪ್ರಶ್ನೆಗಳು ಮೂವತ್ತಾಗಿರುತ್ತವೆ. ಉತ್ತರ ಒಂದೂ ಇರುವುದಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮ್ಯಾನೇಜರ್ ಬದಲಾಗುವುದು ಸಾಮಾನ್ಯ ಸಂಗತಿ. ಆದರೆ ಹೊಸಬರು ಬರೆಯುವ ಮೊದಲ ಪತ್ರ ಹೇಗಿರಬೇಕು ಎಂದು ಯೋಚಿಸುವವರು ಕಡಿಮೆ. ತಮ್ಮ ಅನುಭವ, ಹಿಂದೆ ಕೆಲಸ ಮಾಡಿದ ಜಾಗ, ಸೇವಾ ಮನೋಭಾವ ಇವನ್ನೆಲ್ಲ ಬರೆದು ಮುಗಿಸುತ್ತಾರೆ. ಓದುವವರಿಗೆ ಬೇಕಾದದ್ದು ಮೂರೇ: ಇವರನ್ನು ನೇಮಿಸಿದವರು ಯಾರು, ನಮ್ಮ ದುಡ್ಡು ಎಲ್ಲಿಗೆ ಹೋಗಬೇಕು, ರಾತ್ರಿ ಹನ್ನೊಂದಕ್ಕೆ ಲಿಫ್ಟ್ ನಿಂತರೆ ಯಾರಿಗೆ ಫೋನ್ ಮಾಡಬೇಕು.

ಮೊದಲನೆಯದರಿಂದಲೇ ಹೊರಡೋಣ. ಕರ್ನಾಟಕದಲ್ಲಿ ನಿವಾಸಿಗಳ ಸಂಘಗಳು ಸಾಮಾನ್ಯವಾಗಿ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಅಡಿ ಅಥವಾ 1960ರ ಸಂಘಗಳ ನೋಂದಣಿ ಕಾಯ್ದೆಯ ಅಡಿ ಇರುತ್ತವೆ. ಯಾವುದೇ ಆಗಲಿ, ಮ್ಯಾನೇಜರ್ ಆ ಸಂಘದ ನೌಕರ, ಇಲ್ಲವೇ ಸಂಘ ಗುತ್ತಿಗೆ ಕೊಟ್ಟ ಕಂಪನಿಯ ನೌಕರ. ಅಧಿಕಾರ ಬರುವುದು ಸಂಘದ ಕಮಿಟಿಯಿಂದ. ಹಾಗಾಗಿ "ನಾನೇ ನಿಮ್ಮ ಹೊಸ ಮ್ಯಾನೇಜರ್" ಎಂದು ಮ್ಯಾನೇಜರೇ ಮೊದಲು ಹೇಳುವುದು ಕ್ರಮವಲ್ಲ. ಕಮಿಟಿಯ ಕಾರ್ಯದರ್ಶಿ ಎರಡು ಸಾಲು ಬರೆದು, ಹಿಂದಿನವರ ಕೊನೆಯ ದಿನ ಯಾವುದು, ಹೊಸಬರ ಮೊದಲ ದಿನ ಯಾವುದು ಎಂದು ತಿಳಿಸಬೇಕು. ಮ್ಯಾನೇಜರ್ ಪತ್ರ ಅದರ ಜೊತೆಗೇ, ಇಬ್ಬರ ಸಹಿಯೊಂದಿಗೆ, ಸಂಘದ ಇಮೇಲಿನಿಂದ ಬರಬೇಕು. ನೋಟಿಸ್ ಬೋರ್ಡಿನಲ್ಲೂ ಅದೇ ಪತ್ರ ಇರಬೇಕು.

ಇದು ಬರೀ ಶಿಷ್ಟಾಚಾರದ ಮಾತಲ್ಲ. ಮ್ಯಾನೇಜರ್ ಬದಲಾಗುವ ಹೊತ್ತು ಮೋಸಗಾರರಿಗೆ ಹೇಳಿ ಮಾಡಿಸಿದ ಹೊತ್ತು. ಹೊಸ ದನಿ, ಹೊಸ ನಂಬರ್ ಬಂದರೆ ಯಾರಿಗೂ ಅನುಮಾನ ಬರುವುದಿಲ್ಲ. "ಅಕೌಂಟ್ ಬದಲಾಗಿದೆ, ಈ ತಿಂಗಳ ಮೇಂಟೆನೆನ್ಸ್ ಈ ಕ್ಯೂಆರ್ ಕೋಡಿಗೆ ಹಾಕಿ" ಎಂದು ಯಾರೋ ಕಳಿಸಿದರೆ ನಂಬುವವರು ಇದ್ದೇ ಇರುತ್ತಾರೆ. 1,200 ಚದರ ಅಡಿಯ ಮನೆಗೆ ಅಡಿಗೆ ನಾಲ್ಕು ರೂಪಾಯಿ ಲೆಕ್ಕದಲ್ಲಿ ತಿಂಗಳಿಗೆ 4,800 ರೂಪಾಯಿ. ಹತ್ತು ಮನೆಯವರು ಮೋಸ ಹೋದರೆ 48,000. ಆದ್ದರಿಂದ ಮೊದಲ ಪತ್ರದಲ್ಲಿ ಇರಲೇಬೇಕಾದ ವಾಕ್ಯ ಇದು: "ಮೇಂಟೆನೆನ್ಸ್ ಕಟ್ಟುವ ಖಾತೆ ಬದಲಾಗಿಲ್ಲ. ನನ್ನ ವೈಯಕ್ತಿಕ ನಂಬರಿಗೆ ಯಾವ ಕಾರಣಕ್ಕೂ ಹಣ ಕಳಿಸಬೇಡಿ." ಖಾತೆ ನಿಜವಾಗಿಯೂ ಬದಲಾಗಿದ್ದರೆ ಅದನ್ನು ಮ್ಯಾನೇಜರ್ ಹೇಳಬಾರದು, ಕಮಿಟಿ ಪ್ರತ್ಯೇಕವಾಗಿ ಸಹಿ ಹಾಕಿ ಹೇಳಬೇಕು. ಯುಪಿಐನಲ್ಲಿ ಪಿನ್ ಒತ್ತುವ ಮೊದಲು ಪರದೆಯ ಮೇಲೆ ಖಾತೆದಾರರ ಹೆಸರು ಕಾಣಿಸುತ್ತದೆ. ಅಲ್ಲಿ ಸಂಘದ ಹೆಸರಿನ ಬದಲು ಯಾರೋ ಒಬ್ಬ ವ್ಯಕ್ತಿಯ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಅದು ಸೈಬರ್ ವಂಚನೆಯ ದೂರಿಗೆಂದೇ ಇರುವ ಸಹಾಯವಾಣಿ.

ಹಳೆಯ ನಗದಿನ ವಿಷಯ ಇನ್ನೂ ಸೂಕ್ಷ್ಮ. ಪಾರ್ಟಿ ಹಾಲಿನ ಅಡ್ವಾನ್ಸ್, ಮನೆ ಸಾಮಾನು ಸಾಗಿಸುವಾಗ ಕಟ್ಟುವ ಡಿಪಾಸಿಟ್, ಒಳಗಿನ ರಿಪೇರಿ ಕೆಲಸಕ್ಕೆ ಇಟ್ಟ ಠೇವಣಿ ಇವೆಲ್ಲ ಎಷ್ಟೋ ಕಡೆ ಮ್ಯಾನೇಜರ್ ಕೈಗೇ ಹೋಗಿರುತ್ತವೆ, ರಸೀದಿ ಇದ್ದರೆ ಇದ್ದೀತು. ಹೊಸಬರು "ಅದು ನನ್ನ ಕಾಲದ್ದಲ್ಲ" ಎಂದರೆ ಜಗಳ, "ಕೊಡ್ತೀನಿ" ಎಂದರೆ ತಲೆನೋವು. ಪತ್ರದಲ್ಲಿ ಒಂದು ತಾರೀಖು ಕೊಡುವುದೇ ಜಾಣತನ: "ಹಿಂದಿನ ಮ್ಯಾನೇಜರ್ ಅವರಲ್ಲಿ ಠೇವಣಿ ಇಟ್ಟವರು 15ನೇ ತಾರೀಖಿನೊಳಗೆ ಫ್ಲ್ಯಾಟ್ ನಂಬರ್, ಮೊತ್ತ, ರಸೀದಿಯ ಫೋಟೊ ಕಳಿಸಿ. ಪುಸ್ತಕದೊಂದಿಗೆ ತಾಳೆ ನೋಡಿ ಕಮಿಟಿಯ ಮುಂದಿಡುತ್ತೇನೆ." ವಾಪಸ್ ಕೊಡುವ ಮಾತು ಇಲ್ಲಿಲ್ಲ, ಗಮನಿಸಿ. ಅದನ್ನು ಕೊಡುವ ಅಧಿಕಾರ ಮ್ಯಾನೇಜರ್‌ಗೆ ಇಲ್ಲ.

ಇಷ್ಟು ಬರೆಯಲಿಕ್ಕೂ ಮೊದಲು ಪತ್ರದ ಹಿಂದಿನ ಕೆಲಸ ಆಗಿರಬೇಕು. ಹಳಬರು ಹೋಗುವ ಮುನ್ನ ನಾಲ್ಕೈದು ದಿನ ಇಬ್ಬರೂ ಜೊತೆಯಾಗಿ ಕಟ್ಟಡ ಸುತ್ತಬೇಕು. ಕೀಲಿಗಳು, ಲಿಫ್ಟ್ ಮತ್ತು ಜನರೇಟರಿನ ಎಎಂಸಿ ಮುಗಿಯುವ ದಿನಾಂಕ, ಬಾಕಿ ಉಳಿದ ದೂರುಗಳ ಪಟ್ಟಿ ಇವು ಕೈಗೆ ಬರುತ್ತವೆ. ಹೆಚ್ಚಿನವರು ಮರೆಯುವುದು ಮೀಟರ್ ರೀಡಿಂಗ್. ಬೆಸ್ಕಾಂ ಮೀಟರ್, ನೀರಿನ ಮೀಟರ್, ಜನರೇಟರ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಮೀಟರ್ ಎಲ್ಲವನ್ನೂ ಚಾರ್ಜ್ ತೆಗೆದುಕೊಳ್ಳುವ ದಿನವೇ ಇಬ್ಬರೂ ಸಹಿ ಹಾಕಿ ಬರೆದಿಟ್ಟುಕೊಳ್ಳಬೇಕು.

ಯಾಕೆಂದು ಒಂದು ಲೆಕ್ಕ ನೋಡಿ. ಗಂಟೆಗೆ ಸುಮಾರು 15 ಲೀಟರ್ ಡೀಸೆಲ್ ಕುಡಿಯುವ ಜನರೇಟರ್ ಇದೆ ಎಂದಿಟ್ಟುಕೊಳ್ಳಿ. ಜೂನ್ ಒಂದರಂದು ಟ್ಯಾಂಕಿನಲ್ಲಿ 100 ಲೀಟರ್ ಇತ್ತು, ತಿಂಗಳಲ್ಲಿ 400 ಲೀಟರ್ ತರಿಸಿದ್ದಾರೆ. ಮೀಟರ್ ಪ್ರಕಾರ ಓಡಿದ್ದು 20 ಗಂಟೆ, ಅಂದರೆ ಸುಟ್ಟಿದ್ದು 300 ಲೀಟರ್. ಉಳಿದಿರಬೇಕಾದದ್ದು 200. ಅಳತೆ ಕೋಲು ಇಳಿಸಿ ನೋಡಿದರೆ 120 ಮಾತ್ರ. ಲೋಡ್ ಹೆಚ್ಚಾದರೆ ಡೀಸೆಲ್ ಹೆಚ್ಚು ಸುಡುತ್ತದೆ, ಆದ್ದರಿಂದ ಹತ್ತಿಪ್ಪತ್ತು ಲೀಟರ್ ವ್ಯತ್ಯಾಸ ಸಹಜ. 80 ಲೀಟರ್ ಸಹಜವಲ್ಲ. ಇದನ್ನು ಹೊಸ ಮ್ಯಾನೇಜರ್ ನಿವಾಸಿಗಳ ಪತ್ರದಲ್ಲಿ ಆರೋಪವಾಗಿ ಬರೆಯಬಾರದು, ಕಮಿಟಿಗೆ ಬೇರೆಯಾಗಿ ತಿಳಿಸಬೇಕು. ಪತ್ರದಲ್ಲಿ "ಜುಲೈ 1ರಂದು ಡೀಸೆಲ್ 120 ಲೀಟರ್" ಎಂದಷ್ಟೇ ಇದ್ದರೆ ಸಾಕು. ಅಂದು ಬರೆಯದಿದ್ದರೆ ಆ 80 ಲೀಟರ್ ಮುಂದಿನ ತಿಂಗಳು ಇವರ ತಲೆಗೇ ಬರುತ್ತದೆ.

ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕವನ್ನೂ ಹೀಗೇ ನೋಡಬೇಕು. ಕೆಳಗಿನ ಮಹಡಿಯವರು "ವಾಸನೆ" ಎಂದು ದೂರುವುದು ಅದರದೇ. ಗಾಳಿ ಊದುವ ತೊಟ್ಟಿಯಿಂದ ಒಂದು ಲೀಟರ್ ನೀರನ್ನು ಗಾಜಿನ ಅಳತೆ ಜಾಡಿಗೆ ತುಂಬಿ, ಅಲುಗಾಡಿಸದೆ ಅರ್ಧ ಗಂಟೆ ಇಟ್ಟರೆ ಸ್ಥಿತಿ ಗೊತ್ತಾಗುತ್ತದೆ. ಕಂದು ಬಣ್ಣದ ಕೆಸರು ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ತಳಕ್ಕಿಳಿದು, ಮೇಲೆ ತಿಳಿನೀರು ನಿಂತರೆ ಘಟಕ ಆರೋಗ್ಯವಾಗಿದೆ. ನೀರು ಕಪ್ಪಾಗಿ ಕೊಳೆತ ಮೊಟ್ಟೆಯ ನಾತ ಬಂದರೆ ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಗಾಳಿ ಸಿಕ್ಕಿಲ್ಲ ಎಂದರ್ಥ. ಕರೆಂಟ್ ಬಿಲ್ ಉಳಿಸಲು ರಾತ್ರಿ ಬ್ಲೋವರ್ ನಿಲ್ಲಿಸುವವರಿದ್ದಾರೆ. ಬಿಲ್ ಸ್ವಲ್ಪ ಇಳಿಯುತ್ತದೆ, ವಾಸನೆ ಮೇಲೇರುತ್ತದೆ. ಏನೇ ಆದರೂ ಆ ತೊಟ್ಟಿಯೊಳಗೆ ಹೌಸ್‌ಕೀಪಿಂಗ್ ಹುಡುಗರನ್ನು ಇಳಿಸಕೂಡದು. ವಿಷಾನಿಲ ಕ್ಷಣದಲ್ಲಿ ಜೀವ ತೆಗೆಯುತ್ತದೆ. ರಕ್ಷಣಾ ವ್ಯವಸ್ಥೆಯಿಲ್ಲದೆ ಹೀಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಈ ಸುತ್ತಾಟ ಮುಗಿಸಿದವರ ಪತ್ರದ ದನಿಯೇ ಬೇರೆ. "ಎಲ್ಲ ಸಮಸ್ಯೆಗಳನ್ನೂ ಶೀಘ್ರ ಬಗೆಹರಿಸುತ್ತೇನೆ" ಎಂಬ ಮಾತು ಅಲ್ಲಿರುವುದಿಲ್ಲ. ಬದಲಿಗೆ ಹೀಗಿರುತ್ತದೆ: "ಬಾಕಿ ದೂರುಗಳು 31. ಇವುಗಳಲ್ಲಿ 9 ಬಚ್ಚಲುಮನೆಯ ಸೋರಿಕೆಗೆ ಸಂಬಂಧಿಸಿದವು, ಮೇಲಿನ ಮನೆಯವರ ಒಪ್ಪಿಗೆ ಬೇಕು, ನಾನು ಒಬ್ಬನೇ ಮುಗಿಸಲಾರೆ. ಎಸ್‌ಟಿಪಿಯ ಎರಡು ಬ್ಲೋವರ್‌ಗಳಲ್ಲಿ ಒಂದು ಕೆಟ್ಟಿದೆ, 12ರೊಳಗೆ ಸರಿಯಾಗುತ್ತದೆ. ಬಿ ಬ್ಲಾಕ್ ಲಿಫ್ಟಿನ ಬಿಡಿಭಾಗಕ್ಕೆ ಕಮಿಟಿಯ ಮಂಜೂರಾತಿ ಬೇಕು, ದಿನ ಈಗಲೇ ಹೇಳಲಾರೆ." ಇಷ್ಟು ಓದಿದವರು ಮತ್ತೆ ಗುಂಪಿನಲ್ಲಿ ಲಿಫ್ಟ್ ಕೇಳುವುದಿಲ್ಲ. ಕೇಳಿದರೂ ಪಕ್ಕದ ಮನೆಯವರೇ ಉತ್ತರ ಕೊಡುತ್ತಾರೆ.

ಫೋನ್ ನಂಬರುಗಳ ವಿಷಯದಲ್ಲಿ ಒಂದು ತಪ್ಪು ಪದೇ ಪದೇ ನಡೆಯುತ್ತದೆ. ಮ್ಯಾನೇಜರ್ ತಮ್ಮ ನಂಬರ್ ಒಂದನ್ನೇ ಕೊಟ್ಟು "ಯಾವಾಗ ಬೇಕಾದರೂ ಕರೆ ಮಾಡಿ" ಎನ್ನುತ್ತಾರೆ. ಮೂರನೇ ವಾರಕ್ಕೆ ಆ ಫೋನ್ ಎತ್ತುವುದು ನಿಲ್ಲುತ್ತದೆ. ಕಚೇರಿಯ ಸಮಯ, ವಾರದ ರಜೆ, ರಜೆಯ ದಿನ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುವುದೇ ಮೇಲು. ರಾತ್ರಿಯ ತುರ್ತಿಗೆ ಗೇಟಿನ ಸೆಕ್ಯುರಿಟಿ ನಂಬರ್ ಕೊಡಬೇಕು, ಏಕೆಂದರೆ ಆ ಹೊತ್ತಿಗೆ ಎದ್ದಿರುವವರು ಅವರೇ. ಲಿಫ್ಟಿನಲ್ಲಿ ಸಿಕ್ಕಿಕೊಂಡರೆ ಬಾಗಿಲು ಮೀಟಿ ತೆಗೆಯಲು ಹೋಗದೆ ಒಳಗಿನ ಅಲಾರಂ ಒತ್ತಿ ಕಾಯಬೇಕೆಂಬ ಸಾಲೂ ಇರಲಿ. ಕರೆಂಟ್ ಹೋದರೆ ಬೆಸ್ಕಾಂ 1912, ಕಾವೇರಿ ನೀರು ಬಾರದಿದ್ದರೆ ಜಲಮಂಡಳಿ 1916, ಬೆಂಕಿ ಅಥವಾ ಅಪಾಯವಾದರೆ 112.

ಹೊಸ ನಿಯಮಗಳನ್ನು ಮಾತ್ರ ಈ ಪತ್ರದಲ್ಲಿ ತುರುಕಬಾರದು. ಬಂದ ದಿನವೇ ನಾಯಿ, ಪಾರ್ಕಿಂಗ್, ಮಕ್ಕಳ ಚೆಂಡಾಟದ ಮೇಲೆ ಕಟ್ಟಳೆ ಹೊರಡಿಸಿದವರು ಆರು ತಿಂಗಳು ಉಳಿದದ್ದು ಕಡಿಮೆ.

ಪತ್ರದ ಭಾಷೆಯ ಬಗ್ಗೆಯೂ ಒಂದು ಮಾತು. ಬೆಂಗಳೂರಿನಲ್ಲಿ ಇದು ಬಹುಪಾಲು ಇಂಗ್ಲಿಷಿನಲ್ಲೇ ಇರುತ್ತದೆ. ಮನೆಗೆಲಸದವರು, ಡ್ರೈವರ್‌ಗಳು, ಮಗಳ ಮನೆಗೆ ಬಂದು ಇರುವ ಅಜ್ಜ ಅಜ್ಜಿ ಹಗಲು ಹೊತ್ತು ಕಟ್ಟಡದಲ್ಲಿ ಇರುವವರು. ನೀರು ಸೋರಿದ್ದನ್ನು, ಲಿಫ್ಟ್ ನಿಂತದ್ದನ್ನು ಮೊದಲು ನೋಡುವವರೂ ಅವರೇ. ಗೇಟಿನ ಬಳಿ, ಲಿಫ್ಟಿನೊಳಗೆ ಅಂಟಿಸುವ ಪ್ರತಿ ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಇರಲೇಬೇಕು. ಬಾಡಿಗೆಗೆ ಇರುವವರಿಗೂ ಪತ್ರ ಮುಟ್ಟಬೇಕು. ಸಂಘದ ಪಟ್ಟಿಯಲ್ಲಿ ದುಬೈಯಲ್ಲಿರುವ ಮಾಲೀಕರ ಇಮೇಲ್ ಇರುತ್ತದೆ, ಆ ಮನೆಯಲ್ಲಿ ವಾಸವಿರುವವರ ನಂಬರ್ ಇರುವುದಿಲ್ಲ.

ನಿಮ್ಮ ಕಟ್ಟಡಕ್ಕೆ ಹೊಸ ಮ್ಯಾನೇಜರ್ ಬಂದಿದ್ದರೆ ಸ್ವಾಗತದ ಚಿತ್ರದ ಜೊತೆಗೆ ನಿಮ್ಮ ಫ್ಲ್ಯಾಟ್ ನಂಬರ್, ಸ್ವಂತವೋ ಬಾಡಿಗೆಯೋ, ಫೋನ್ ನಂಬರ್ ಇಷ್ಟನ್ನು ಗುಂಪಿನಲ್ಲಲ್ಲದೆ ನೇರವಾಗಿ ಸಂಘದ ಇಮೇಲಿಗೆ ಬರೆಯಿರಿ. ಮನೆಯಲ್ಲಿ ಮೆಟ್ಟಿಲಿಳಿಯಲಾಗದ ಹಿರಿಯರಿದ್ದರೆ ಅದನ್ನೂ ತಪ್ಪದೆ ತಿಳಿಸಿ. ಬೆಂಕಿ ಬಿದ್ದರೆ ಲಿಫ್ಟ್ ಬಳಸುವಂತಿಲ್ಲ. ಯಾವ ಮಹಡಿಗೆ ಮೊದಲು ಜನ ಕಳಿಸಬೇಕೆಂದು ಮ್ಯಾನೇಜರ್‌ಗೆ ಆಗ ಗೊತ್ತಿರಬೇಕು.