ಅರ್ಧ ತೆರೆದ ಗೇಟು, ಹಿಂಬದಿ ಬಿರಿದ ಕಂಬ

ಬಡಾವಣೆಯ ಯಾವ ಬೀದಿಗೆ ಹೋದರೂ ಇಂಥ ಒಂದು ಕಂಬ ಕಣ್ಣಿಗೆ ಬೀಳುತ್ತದೆ. ಒಂದೂವರೆ ಅಡಿ ಚೌಕದ ಇಟ್ಟಿಗೆ ಕಂಬ, ಮೇಲೆ ಪ್ಲಾಸ್ಟರು, ಬಣ್ಣ. ಒಂದು ಪಕ್ಕಕ್ಕೆ ಭಾರದ ಕಬ್ಬಿಣದ ಗೇಟು. ಗೇಟಿರುವ ಕಡೆ ಕಂಬಕ್ಕೆ ಏನೂ ಆಗಿರುವುದಿಲ್ಲ. ಹಿಂಬದಿಗೆ ಹೋಗಿ ನೋಡಿದರೆ ಕೆಳಗಿನ ಕೀಲಿನ ಎತ್ತರದಲ್ಲೋ, ಅದಕ್ಕಿಂತ ಒಂದೆರಡು ವರಸೆ ಕೆಳಗೋ ಅಡ್ಡಡ್ಡವಾಗಿ ಒಂದು ಬಿರುಕು. ಮನೆಯವರು ಸಿಮೆಂಟು ಮೆತ್ತಿಸುತ್ತಾರೆ. ಮುಂದಿನ ಮಳೆಗಾಲದ ಹೊತ್ತಿಗೆ ಮತ್ತೆ ಅಲ್ಲೇ ಬಿಡುತ್ತದೆ. ಬೈಗುಳ ಬೀಳುವುದು ಗಾರೆಗೆ, ಇಲ್ಲವೇ ಮೇಸ್ತ್ರಿಗೆ. ಎಷ್ಟೋ ಸಲ ಎರಡರದೂ ತಪ್ಪಿರುವುದಿಲ್ಲ. ಕಂಬದ ಅಳತೆ ಗೊತ್ತುಮಾಡಿದ ದಿನವೇ ಆ ಬಿರುಕೂ ಗೊತ್ತಾಗಿಬಿಟ್ಟಿರುತ್ತದೆ.

ಇಟ್ಟಿಗೆ, ಕಲ್ಲು, ಗಾರೆ ಇವೆಲ್ಲ ಅದುಮಿದಷ್ಟೂ ತಾಳುತ್ತವೆ, ಎಳೆದರೆ ಬಿಟ್ಟುಕೊಡುತ್ತವೆ. ಹೊಸ ಸಿಮೆಂಟ್ ಗಾರೆಗೆ ಸ್ವಲ್ಪ ಹಿಡಿತವಿರುವುದು ನಿಜ. ಆದರೆ ಬಿಸಿಲು, ಮಳೆ, ಗೇಟು ಬಡಿದಾಗಿನ ಅದುರು ಇವುಗಳ ನಡುವೆ ಆ ಹಿಡಿತ ಎಷ್ಟು ವರ್ಷ ಉಳಿದೀತೆಂದು ಯಾರೂ ಹೇಳಲಾರರು. ಅದಕ್ಕೇ ಎಂಜಿನಿಯರುಗಳು ಬಿಗಿಯಾದ ನಿಯಮವೊಂದನ್ನು ಇಟ್ಟುಕೊಂಡಿದ್ದಾರೆ: ಕಂಬದ ಅಡ್ಡಕೊಯ್ತದಲ್ಲಿ ಎಲ್ಲಿಯೂ ಎಳೆತ ಹುಟ್ಟಕೂಡದು. ಹುಟ್ಟುತ್ತದೋ ಇಲ್ಲವೋ ಎನ್ನುವುದನ್ನು ನಿರ್ಧರಿಸುವುದು ಭಾರದ ಪ್ರಮಾಣವಲ್ಲ, ಭಾರ ಬೀಳುವ ಜಾಗ.

ಭಾರ ಕಂಬದ ನಟ್ಟನಡುವೆ ಬಿದ್ದರೆ ಅಡಿಯ ಪ್ರತಿಯೊಂದು ಚದರ ಸೆಂಟಿಮೀಟರಿಗೂ ಒಂದೇ ಪಾಲು ಬರುತ್ತದೆ. ಅದೇ ಭಾರವನ್ನು ನಡುವಿನಿಂದ ಸ್ವಲ್ಪ ಬಲಕ್ಕೆ ಸರಿಸಿ. ಒಟ್ಟು ಭಾರ ಅಷ್ಟೇ ಇರುತ್ತದೆ, ಆದರೆ ಕಂಬ ಬಲಕ್ಕೆ ಬಾಗಲು ನೋಡುತ್ತದೆ. ಬಲ ಅಂಚಿನಲ್ಲಿ ಒತ್ತಡ ಏರುತ್ತದೆ, ಎಡ ಅಂಚಿನಲ್ಲಿ ಅಷ್ಟೇ ಇಳಿಯುತ್ತದೆ. ಇನ್ನೂ ಸರಿಸುತ್ತ ಹೋದರೆ ಒಂದು ಹಂತದಲ್ಲಿ ಎಡ ಅಂಚಿನ ಒತ್ತಡ ಸೊನ್ನೆಗೆ ಬರುತ್ತದೆ, ಬಲ ಅಂಚಿನದು ಸರಾಸರಿಯ ಎರಡರಷ್ಟಾಗುತ್ತದೆ. ಚೌಕ ಅಥವಾ ಆಯತದ ಕಂಬದಲ್ಲಿ ಆ ಹಂತ ಬರುವುದು ಭಾರವು ನಡುವಿನಿಂದ ಅಗಲದ ಆರನೇ ಒಂದು ಪಾಲು ಸರಿದಾಗ. ಅದಕ್ಕಿಂತ ಕೂದಲೆಳೆಯಷ್ಟು ಆಚೆ ಹೋದರೂ ಎಡ ಅಂಚಿನಲ್ಲಿ ಎಳೆತ ಶುರು. ಎಡಕ್ಕೆ ಆರನೇ ಒಂದು, ಬಲಕ್ಕೆ ಆರನೇ ಒಂದು ಸೇರಿದರೆ ಅಗಲದ ನಡುವಿನ ಮೂರನೇ ಒಂದು ಪಾಲಾಯಿತು. ಸಿವಿಲ್ ಓದಿದ ಪ್ರತಿಯೊಬ್ಬರೂ ಪರೀಕ್ಷೆಗೆ ಬಾಯಿಪಾಠ ಮಾಡುವ ‘ಮಧ್ಯದ ಮೂರನೇ ಒಂದು’ ನಿಯಮ ಇದೇ.

ಬಾಯಿಪಾಠದಲ್ಲಿ ಬಿಟ್ಟುಹೋಗುವ ಸಂಗತಿ ಒಂದಿದೆ. ಈ ಮೂರನೇ ಒಂದು ಪಾಲು ಸಲ್ಲುವುದು ಭಾರ ಕಂಬದ ಒಂದು ಮುಖಕ್ಕೆ ನೇರವಾಗಿ ಸರಿದಾಗ ಮಾತ್ರ. ಮೂಲೆಯ ಕಡೆಗೆ ಸರಿದರೆ ಅವಕಾಶ ಇನ್ನೂ ಕಡಿಮೆ. 45 ಸೆಂಟಿಮೀಟರ್ ಚೌಕವೊಂದನ್ನು ಬರೆದು, ನಡುವಿನಿಂದ ನಾಲ್ಕೂ ಮುಖಗಳ ಕಡೆಗೆ ಏಳೂವರೆ ಸೆಂಟಿಮೀಟರಿಗೆ ಒಂದೊಂದು ಚುಕ್ಕಿ ಇಟ್ಟು ಅವನ್ನು ನೇರ ಗೆರೆಗಳಿಂದ ಸೇರಿಸಿದರೆ ಮೂಲೆ ತಿರುಗಿ ನಿಂತ ಒಂದು ಪುಟ್ಟ ಚೌಕ ಸಿಗುತ್ತದೆ. ಅದು ಆ ಅಡ್ಡಕೊಯ್ತದ ತಿರುಳು, ಪಠ್ಯಗಳಲ್ಲಿ ಕೋರ್. ಒಟ್ಟು ಭಾರ ಅದರೊಳಗೆ ಎಲ್ಲೇ ಬಿದ್ದರೂ ಇಡೀ ಕಂಬ ಅದುಮಿಕೊಂಡೇ ಇರುತ್ತದೆ. ಈ ಪುಟ್ಟ ಚೌಕ ಮುಖಗಳ ಕಡೆಗೆ ಏಳೂವರೆ ಸೆಂಟಿಮೀಟರ್ ಚಾಚಿದ್ದರೆ, ಕಂಬದ ಮೂಲೆಗಳ ಕಡೆಗೆ ಚಾಚಿರುವುದು ಸುಮಾರು 5.3 ಸೆಂಟಿಮೀಟರ್ ಅಷ್ಟೇ. ಲೆಕ್ಕಕ್ಕೆ ಸುಲಭವಾದ ಪರೀಕ್ಷೆ ಹೀಗೆ: ಭಾರ ಒಂದು ದಿಕ್ಕಿಗೆ ಎಷ್ಟು ಸರಿದಿದೆ, ಅದಕ್ಕೆ ಅಡ್ಡ ದಿಕ್ಕಿಗೆ ಎಷ್ಟು ಸರಿದಿದೆ ಎಂದು ನೋಡಿ ಎರಡನ್ನೂ ಕೂಡಿ. ಮೊತ್ತ ಏಳೂವರೆಯೊಳಗೆ ಇರಬೇಕು.

ಈಗ ಗೇಟಿನ ಲೆಕ್ಕಕ್ಕೆ ಬರೋಣ. ಕಾಂಪೌಂಡ್ ಗೋಡೆಗೆ ಕಟ್ಟು ಕೊಡದೆ ಬಿಡಿಯಾಗಿ ನಿಂತ ಕಂಬ, ಎತ್ತರ 2 ಮೀಟರ್, ಪ್ಲಾಸ್ಟರು ಸೇರಿ ತೂಕ ಸುಮಾರು 800 ಕೆಜಿ ಎಂದಿಟ್ಟುಕೊಳ್ಳಿ. ಗೇಟಿನ ಒಂದು ರೆಕ್ಕೆ 5 ಅಡಿ ಅಗಲ, 100 ಕೆಜಿ. ಕೀಲು ಕಂಬದ ಮುಖದಿಂದ ತುಸು ಹೊರಚಾಚಿದೆ. ಕಂಬದ ನಡುವಿನಿಂದ ಅಳೆದರೆ 25 ಸೆಂಟಿಮೀಟರ್. ಗೇಟಿನ ತೂಕ ನಿಂತಿರುವುದು ಕೀಲಿನಿಂದ ಇನ್ನೂ 75 ಸೆಂಟಿಮೀಟರ್ ಆಚೆ. ಒಟ್ಟಿಗೆ, ಕಂಬದ ನಡುವಿನಿಂದ ಒಂದು ಮೀಟರ್ ದೂರದಲ್ಲಿ 100 ಕೆಜಿ. ಕಂಬ, ಗೇಟು ಎರಡೂ ಸೇರಿದ 900 ಕೆಜಿ ಒಂದೇ ಕಡೆ ಬಿದ್ದಂತೆ ಲೆಕ್ಕ ಹಾಕಿದರೆ, ಆ ಜಾಗ ಕಂಬದ ಬುಡದಲ್ಲಿ ನಡುವಿನಿಂದ 11.1 ಸೆಂಟಿಮೀಟರ್ ಸರಿದಿರುತ್ತದೆ. ಮಿತಿ ಏಳೂವರೆ. ಗೇಟು ಹಾಕಿ ಚಿಲಕ ಜಡಿದಿರುವಾಗಲೇ ಹಿಂಬದಿಯ ಅಂಚಿನಲ್ಲಿ ಎಳೆತ ಹುಟ್ಟಿದೆ.

ಗೇಟನ್ನು ಪೂರ್ತಿ ತೆರೆದು ಒಳಗೋಡೆಗೆ ಒರಗಿಸಿ. ಕೀಲು ಇದ್ದಲ್ಲೇ ಇದೆ, ಗೇಟು ಮಾತ್ರ ಅಡ್ಡ ದಿಕ್ಕಿಗೆ ತಿರುಗಿದೆ. ಒಂದು ದಿಕ್ಕಿಗೆ 2.8, ಇನ್ನೊಂದು ದಿಕ್ಕಿಗೆ 8.3, ಕೂಡಿದರೆ ಮತ್ತೆ 11.1. ಅರ್ಧ ತೆರೆದಾಗ ಏನಾಗುತ್ತದೆ? ಒಂದು ದಿಕ್ಕಿಗೆ 8.7, ಇನ್ನೊಂದಕ್ಕೆ 5.9, ಮೊತ್ತ 14.6. ಮಿತಿಯನ್ನು ಮೀರಿದ ಪ್ರಮಾಣ ಹಾಕಿದ ಗೇಟಿನದಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಎರಡರಷ್ಟು, ಹಿಂಬದಿ ಮೂಲೆಯಲ್ಲಿನ ಎಳೆತವೂ ಅಷ್ಟೇ ಪಟ್ಟು. ಹಾಲಿನವನು ಬಂದುಹೋಗಲೆಂದು ಬೆಳಗಿನಿಂದ ಅರ್ಧ ತೆರೆದೇ ಬಿಟ್ಟ ಗೇಟು ಕಂಬವನ್ನು ಅತಿ ಹೆಚ್ಚು ದಣಿಸುವ ಭಂಗಿಯಲ್ಲಿ ನಿಂತಿರುತ್ತದೆ. ಇಂಥ ಕಂಬಗಳಲ್ಲಿ ಬಿರುಕು ಎಷ್ಟೋ ಸಲ ಹಿಂಬದಿಯ ಒಂದು ಮೂಲೆಯಿಂದ ಹೊರಟು ಪಕ್ಕದ ಮುಖಕ್ಕೆ ಸುತ್ತಿಕೊಳ್ಳುವುದಕ್ಕೆ ಇದೇ ಕಾರಣ.

ಎಳೆತ ಹುಟ್ಟಿದ ಕೂಡಲೇ ಕಂಬ ಉರುಳುವುದಿಲ್ಲ. ಗಾರೆ ಬಿಟ್ಟ ಮೇಲೆ ಹಿಂಬದಿಯ ಒಂದಷ್ಟು ಅಗಲ ಕೆಲಸದಿಂದ ಹೊರಗಾಗುತ್ತದೆ, ಉಳಿದ ಅಗಲವೇ ಭಾರವನ್ನೆಲ್ಲ ಹೊರುತ್ತದೆ. ಹಾಕಿದ ಗೇಟಿನ ಲೆಕ್ಕದಲ್ಲಿ 45 ಸೆಂಟಿಮೀಟರಿನಲ್ಲಿ ಸುಮಾರು 34 ಸೆಂಟಿಮೀಟರ್ ಮಾತ್ರ ಅದುಮಿಕೊಂಡಿರುತ್ತದೆ. ಗೇಟಿನ ಕಡೆಯ ಅಂಚಿನ ಒತ್ತಡ ಚದರ ಸೆಂಟಿಮೀಟರಿಗೆ 0.44 ಕೆಜಿ ಸರಾಸರಿಯಿಂದ 1.2 ಕೆಜಿಗೆ ಏರುತ್ತದೆ. ಒಳ್ಳೆಯ ಇಟ್ಟಿಗೆ ಕೆಲಸಕ್ಕೆ ಅದೇನೂ ದೊಡ್ಡದಲ್ಲ. ಈಗ 30 ಕೆಜಿ ತೂಗುವ ಹುಡುಗನೊಬ್ಬ ಗೇಟಿನ ತುದಿ ಹಿಡಿದು ನೇತಾಡಿದರೆ ಅದುಮಿಕೊಂಡ ಅಗಲ 18 ಸೆಂಟಿಮೀಟರಿಗೆ ಇಳಿಯುತ್ತದೆ. ಅವನ ತಂಗಿಯೂ ಬಂದು ಸೇರಿದಳು, ಅವಳದೂ ಅಷ್ಟೇ ತೂಕ ಎನ್ನಿ: ಉಳಿಯುವುದು ಮೂರೂವರೆ ಸೆಂಟಿಮೀಟರಿಗಿಂತ ಕಡಿಮೆ. ಭಾರ ಕಂಬದ ಹೊರ ಅಂಚಿಗೆ ಬಂದು ನಿಂತಿದೆ. ಅಂಚು ದಾಟಿದರೆ ಕಂಬ ಮಕ್ಕಳ ಮೇಲೇ ಬರುತ್ತದೆ. ಗೇಟಿನ ಮೇಲೆ ಆಡಬೇಡಿ ಎಂದು ಅಜ್ಜಿ ಗದರುವುದರಲ್ಲಿ ಗಣಿತ ಸರಿಯಾಗಿಯೇ ಇದೆ.

ಸಣ್ಣ ಬಿರುಕು ತಂತಾನೇ ಅಪಾಯವಲ್ಲದಿದ್ದರೂ ಅದರೊಳಗೆ ನೀರು ಇಳಿಯುತ್ತದೆ, ಒಳಗೆ ಹೂತಿಟ್ಟ ಕೀಲಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ಇದೇ ಸಂಗತಿ ದೊಡ್ಡ ಪ್ರಮಾಣದಲ್ಲಿ ಏನು ಮಾಡಬಲ್ಲದು ಎಂಬುದನ್ನು ಫ್ರಾನ್ಸಿನ ಬೂಜೆ ಅಣೆಕಟ್ಟು ತೋರಿಸಿತು. ಕಲ್ಲುಕಟ್ಟಡದ ಆ ಅಣೆಕಟ್ಟಿನಲ್ಲಿ ನೀರಿನ ತಳ್ಳುವಿಕೆ ಮತ್ತು ಗೋಡೆಯ ತೂಕ ಸೇರಿದ ಒಟ್ಟು ಬಲ ಮಧ್ಯದ ಮೂರನೇ ಒಂದು ಪಾಲಿನಿಂದ ಹೊರಬಿದ್ದಿತ್ತು. ನೀರಿನ ಕಡೆಯ ಮುಖ ಬಿರಿಯಿತು, ಬಿರುಕಿಗೆ ನುಗ್ಗಿದ ನೀರು ಒಳಗಿನಿಂದ ಎತ್ತಿತು. 1895ರ ಏಪ್ರಿಲ್ 27ರಂದು ಗೋಡೆ ಒಡೆದು 80ಕ್ಕೂ ಹೆಚ್ಚು ಜನ ಸತ್ತರು. ಕಲ್ಲುಕಟ್ಟಡದ ಅಣೆಕಟ್ಟಿನಲ್ಲಿ ಎಳೆತಕ್ಕೆ ಎಡೆಗೊಡಬಾರದೆಂದು ಸ್ಕಾಟ್ಲೆಂಡಿನ ರ‍್ಯಾಂಕಿನ್ ಹೇಳಿ ಆಗಲೇ ಎರಡು ದಶಕ ದಾಟಿತ್ತು.

ನಮ್ಮ ಕಂಬಕ್ಕೆ ಪರಿಹಾರವೇನು? ಅಗಲವನ್ನು 2 ಅಡಿ ಮಾಡಿ. ಕಂಬದ ತೂಕ 1,420 ಕೆಜಿಗೆ ಏರುತ್ತದೆ, ತಿರುಳಿನ ಚಾಚು 10 ಸೆಂಟಿಮೀಟರ್ ಆಗುತ್ತದೆ. ಗೇಟು ಹಾಕಿದ್ದಾಗ ಸರಿತ 7.1, ಅರ್ಧ ತೆರೆದಾಗ ಮೊತ್ತ 9.1, ಬುಡದಲ್ಲಿ ಎರಡೂ ಒಳಗೇ. ಆದರೆ ಬುಡವೊಂದನ್ನೇ ನೋಡಿದರೆ ಸಾಲದು. ಕೆಳಗಿನ ಕೀಲು ನೆಲದಿಂದ ಒಂದಡಿ ಮೇಲಿದ್ದರೆ ಅಲ್ಲಿಯೂ ಗೇಟಿನ ಬಾಗಿಸುವ ಬಲ ಪೂರ್ತಿ ಇರುತ್ತದೆ, ಅದನ್ನು ಅದುಮಿಡುವ ಇಟ್ಟಿಗೆಯ ತೂಕ ಮಾತ್ರ ಕಡಿಮೆ. ಬಿರುಕು ಅಲ್ಲಿ ಮೊದಲು ಕಾಣಿಸುವುದು ಅದಕ್ಕೇ. 2 ಅಡಿ ಕಂಬದಲ್ಲೂ ಆ ಮಟ್ಟದಲ್ಲಿ, ಗೇಟು ಅರ್ಧ ತೆರೆದಾಗ, ಮೊತ್ತ 10.6ಕ್ಕೆ ಹೋಗಿ ಮಿತಿ ದಾಟುತ್ತದೆ. ಕಂಬದ ತಲೆಯ ಮೇಲೆ ನಾಲ್ಕಿಂಚು ದಪ್ಪದ ಗ್ರಾನೈಟ್ ಚಪ್ಪಡಿ ಕೂರಿಸಿದರೆ ಸುಮಾರು 95 ಕೆಜಿ ಸೇರುತ್ತದೆ, ಮೊತ್ತ 9.9ಕ್ಕೆ ಇಳಿದು ಒಳಗೆ ಬರುತ್ತದೆ. ಬಿರಿಯುವ ಕಂಬದ ಮೇಲೆ ಇನ್ನಷ್ಟು ಭಾರ ಹೇರುವುದು ವಿಚಿತ್ರವೆನಿಸಿದರೂ, ನಟ್ಟನಡುವೆ ಕೂತ ಭಾರ ಎಳೆತವನ್ನು ತಿಂದುಹಾಕುತ್ತದೆ.

ಇವೆಲ್ಲ ಗಿಡ್ಡ ಕಂಬದ ಮಾತು. ಅಗಲಕ್ಕೆ ಹೋಲಿಸಿದರೆ ಬಹಳ ಎತ್ತರವಾದ ಕಂಬ ತಾನೇ ಬಾಗಿ ಭಾರವನ್ನು ಇನ್ನೂ ದೂರಕ್ಕೆ ತಳ್ಳುತ್ತದೆ. ಅದರ ಲೆಕ್ಕ ಬೇರೆ. ಕಬ್ಬಿಣದ ಸರಳು ಹಾಕಿ ಕಾಂಕ್ರೀಟ್ ಎರೆದ ಕಂಬಕ್ಕೂ ಈ ನಿಯಮದ ಹಂಗಿಲ್ಲ, ಏಕೆಂದರೆ ಎಳೆತವನ್ನು ಅಲ್ಲಿ ಸರಳು ತೆಗೆದುಕೊಳ್ಳುತ್ತದೆ. ಆದರೆ ಆ ಸರಳು ಅಡಿಪಾಯದೊಳಗೆ ಇಳಿದಿರಬೇಕು. ನೆಲಮಟ್ಟದಿಂದ ಶುರುವಾದ ಸರಳು ಇದ್ದೂ ಇಲ್ಲದಂತೆ.

ಕಂಬ ಆಗಲೇ ಬಿರಿದಿದ್ದರೆ, ಕಾರಣ ಗೇಟೋ ಅಡಿಪಾಯವೋ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಗೇಟಿನ ತುದಿಯ ಕೆಳಗೆ ಹಾರೆ ಕೊಟ್ಟು ಮೆಲ್ಲನೆ ಎತ್ತಿ, ಇನ್ನೊಬ್ಬರು ಹಿಂಬದಿಯ ಬಿರುಕಿನ ಮೇಲೆ ಕಣ್ಣಿಡಲಿ. ಬಿರುಕು ಕಿರಿದಾದರೆ ತಪ್ಪು ಗೇಟಿನದು. ಅಲುಗಾಡದೆ ಹಾಗೇ ಇದ್ದರೆ, ತೂಗುಗುಂಡು ಬಿಟ್ಟು ನೋಡಿದಾಗ ಬುಡದಿಂದಲೇ ಕಂಬ ವಾಲಿದ್ದರೆ, ಅಡಿಪಾಯದ ಮಣ್ಣು ಕುಸಿದಿರುವ ಸಂಭವ ಹೆಚ್ಚು. ಗೇಟಿನದೇ ತಪ್ಪಾದರೆ ಕಂಬ ಒಡೆಯಬೇಕಿಲ್ಲ. ಹಾರೆ ಕೊಟ್ಟ ಜಾಗದಲ್ಲೇ ಒಂದು ಗಾಲಿ ಹಾಕಿಸಿ. ಗೇಟಿನ ಅರ್ಧ ತೂಕ ನೆಲಕ್ಕೆ ಹೋಗುತ್ತದೆ, ಉಳಿದ ಅರ್ಧ ಕೀಲಿನ ಮೇಲೆ, ಅಂದರೆ ನಡುವಿನಿಂದ ಕೇವಲ 25 ಸೆಂಟಿಮೀಟರ್ ದೂರದಲ್ಲಿ ಬೀಳುತ್ತದೆ. ಹಳೆಯ ಒಂದೂವರೆ ಅಡಿ ಕಂಬದ ಬುಡದಲ್ಲಿ ಸರಿತ 11.1ರಿಂದ ಒಂದೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಗಾಲಿ ಓಡುವ ದಾರಿಗೆ ಕಾಂಕ್ರೀಟ್ ಹಾಕಿಸುವುದನ್ನು ಮರೆಯಬಾರದು: ಗಾಲಿ ಮಣ್ಣಿನಲ್ಲಿ ಹೂತರೆ, ಸವೆದು ನೆಲ ಬಿಟ್ಟರೆ, 100 ಕೆಜಿಯೂ ಮತ್ತೆ ಕಂಬಕ್ಕೇ ನೇತುಬೀಳುತ್ತದೆ.